ಎಂಟಾಣೆಯ ಕಾಲದಿಂದ ಇಪ್ಪತ್ತಾರು ವಾರದವರೆಗೆ: ಬಸುರಿಯನ್ನು ಕೆಲಸದಿಂದ ತೆಗೆಯುವ ಮಾಲೀಕರಿಗೆ ಕಾನೂನು ಹಾಕಿದ ಕೀಲಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ಈಗ ಕರ್ನಾಟಕದಲ್ಲಿವೆ. ಆದರೆ 1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆಯ ಜೊತೆಗೆ ಇವೆಲ್ಲ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ನಮ್ಮ ಅಜ್ಜ-ಅಜ್ಜಿಯರ ಕಾಲದ ಜಮೀನಿನ ಕಾಗದಪತ್ರ ನೋಡಿದವರಿಗೆ ಇದು ಗೊತ್ತು. ಈ ಹಳೆಯ ನಂಟಿನ ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ದುಡಿಯುವ ಹೆಣ್ಣುಮಗಳು ಬಸುರಿಯಾದಾಗ ಮಾಲೀಕ ಅವಳಿಗೆ ಸೂಟಿ ಮತ್ತು ಹಣ ಕೊಡಬೇಕು, ಆ ಸೂಟಿಯಲ್ಲಿ ಅವಳನ್ನು ಕೆಲಸದಿಂದ ತೆಗೆಯಬಾರದು ಎಂಬ ಕಾನೂನು ಹಿಂದೂಸ್ತಾನದಲ್ಲಿ ಮೊದಲು ಬಂದದ್ದು ಇದೇ ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ.

ಅಂದರೆ ಕಾನೂನು ನಮ್ಮ ಸರ್ಕಾರದ್ದೇ ಆಗಿತ್ತು. ಆದರೂ ನಮ್ಮ ಊರಿನ ಹೆಣ್ಣುಮಕ್ಕಳಲ್ಲಿ ಬಹುತೇಕ ಯಾರಿಗೂ ಅದು ಸಿಗಲಿಲ್ಲ. ಯಾಕೆ ಸಿಗಲಿಲ್ಲ, ಆಮೇಲೆ ಆ ಕಾನೂನು ಎಷ್ಟೆಷ್ಟು ಅಗಲವಾಯಿತು, ಈಗ ಮಾಲೀಕ ಏನು ಮಾಡಬಹುದು ಮತ್ತು ಏನು ಮಾಡುವಂತಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಗಿರಣಿಯ ಕಾಲ

ಮುಂಬಯಿ, ಅಹಮದಾಬಾದ್, ಸೊಲ್ಲಾಪುರದ ಬಟ್ಟೆ ಗಿರಣಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಇಂಡಿ ಭಾಗದವರಿಗೆ ಸೊಲ್ಲಾಪುರ ಪರಸ್ಥಳವೇನಲ್ಲ. ಗದಗದಿಂದ ಬಿಜಾಪುರದ ಮೇಲೆ ಹೋಟಗಿಗೆ ಹೋಗುವ ರೈಲು ದಾರಿ 1880ರ ದಶಕದಲ್ಲೇ ಆಗಿತ್ತು. ಇಂಡಿ ರೋಡ್ ನಿಲ್ದಾಣದಲ್ಲಿ ಗಾಡಿ ಹತ್ತಿದರೆ ಗಿರಣಿ ಊರು ದೂರವಿರಲಿಲ್ಲ. ಸೊಲ್ಲಾಪುರದಲ್ಲಿ ಇವತ್ತಿಗೂ ಕನ್ನಡ ಮಾತಾಡುವ ಓಣಿಗಳಿವೆ.

ಗಿರಣಿಯ ಹೆಣ್ಣುಮಗಳಿಗೆ ಬಾಣಂತನ ಎಂದರೆ ಪಗಾರ ನಿಂತಿತು ಎಂದೇ ಅರ್ಥ. ಕೆಲಸಕ್ಕೆ ಬಂದ ದಿನದ ಕೂಲಿ ಉಂಟು, ಬಾರದ ದಿನದ್ದು ಇಲ್ಲ. ಹೀಗಾಗಿ ಹೆರಿಗೆಯ ಹಿಂದಿನ ದಿನದವರೆಗೂ ಯಂತ್ರದ ಮುಂದೆ ನಿಲ್ಲುವವರಿದ್ದರು. ಹೆತ್ತ ಮೇಲೆ ಬೇಗ ಹೋಗದಿದ್ದರೆ ಆ ಜಾಗದಲ್ಲಿ ಬೇರೆಯವರು ಕೂತಿರುತ್ತಿದ್ದರು.

1919ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಹೆರಿಗೆಯ ಹಿಂದೆ-ಮುಂದೆ ಹೆಣ್ಣುಮಗಳಿಗೆ ರಜೆ ಮತ್ತು ಹಣ ಕೊಡಬೇಕು, ಆ ರಜೆಯಲ್ಲಿರುವಾಗ ಅವಳಿಗೆ ವಜಾ ನೋಟಿಸು ಕೊಡುವುದು ಕಾನೂನುಬಾಹಿರವಾಗಬೇಕು ಎಂಬ ಒಪ್ಪಂದ ಅಲ್ಲಿ ಆಯಿತು. ಹಿಂದೂಸ್ತಾನದ ಕಾರ್ಮಿಕರ ಪರವಾಗಿ ಆ ಸಭೆಗೆ ಹೋಗಿದ್ದವರು ಎನ್.ಎಂ. ಜೋಶಿ. ಇಲ್ಲಿನ ಬ್ರಿಟಿಷ್ ಸರ್ಕಾರ ಆ ಒಪ್ಪಂದಕ್ಕೆ ಸೇರಲಿಲ್ಲ. ಜೋಶಿಯವರು 1924ರಲ್ಲಿ ದಿಲ್ಲಿಯ ಶಾಸನಸಭೆಗೆ ಹೆರಿಗೆ ಭತ್ಯೆಯ ಮಸೂದೆಯನ್ನು ತಂದರು, ಅದೂ ಬಿದ್ದುಹೋಯಿತು.

ಆಮೇಲೆ ಈ ಪ್ರಶ್ನೆ ಮುಂಬಯಿಯ ಶಾಸನ ಪರಿಷತ್ತಿಗೆ ಬಂತು. 1928ರ ಜುಲೈ 28ರಂದು ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಿ ಈ ಮಸೂದೆಯ ಪರವಾಗಿ ಮಾತಾಡಿದರು. ಹೆರಿಗೆಗೆ ಮೊದಲೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಆದ್ದರಿಂದ ಅದರ ಭಾರದ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಎಂಬುದು ಅವರ ನಿಲುವು. ಹಾಗಂತ ಅವರು ಮಾಲೀಕರನ್ನು ಬಿಟ್ಟುಬಿಡಲಿಲ್ಲ. ಮಾಲೀಕ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅವನಿಗೆ ಅದರಿಂದ ಲಾಭವಿದೆ ಎಂದು, ಲಾಭ ಪಡೆಯುವವನು ಭಾರದಲ್ಲಿ ಒಂದು ಪಾಲು ಹೊರುವುದು ನ್ಯಾಯ ಎಂದು ಅವರು ವಾದಿಸಿದರು.

ಮರುವರ್ಷ ಕಾನೂನು ಬಂತು. ದಿನಕ್ಕೆ ಎಂಟಾಣೆಯಂತೆ ಹೆರಿಗೆಗೆ ಮೊದಲು ಮೂರು ವಾರ, ನಂತರ ನಾಲ್ಕು ವಾರ ಹಣ ಸಿಗುತ್ತಿತ್ತು. ಅದು ಸಿಗಬೇಕಾದರೆ ಅದೇ ಗಿರಣಿಯಲ್ಲಿ ಆರು ತಿಂಗಳು ದುಡಿದಿರಬೇಕಿತ್ತು. 1934ರಲ್ಲಿ ಈ ಆರು ತಿಂಗಳನ್ನು ಒಂಬತ್ತಕ್ಕೆ ಏರಿಸಿದರು.

ನಮ್ಮ ತಾಲ್ಲೂಕುಗಳು ಹೊರಗೆ ಉಳಿದದ್ದು ಇಲ್ಲೇ. ಕಾನೂನು ಕಾರ್ಖಾನೆಗಳಿಗೆ ಮಾತ್ರ ಇತ್ತು, ಅದರಲ್ಲೂ ಮೊದಲು ಮುಖ್ಯ ಗಿರಣಿ ಊರುಗಳಿಗೆ. ನಮ್ಮಲ್ಲಿ ಹೆಣ್ಣುಮಕ್ಕಳು ದುಡಿಯುತ್ತಿದ್ದದ್ದು ಹೊಲದಲ್ಲಿ. ಕಳೆ ತೆಗೆಯುವವರು, ಜೋಳ ಕೊಯ್ಯುವವರು, ಹತ್ತಿ ಬಿಡಿಸುವವರು ಆ ಕಾನೂನಿನ ಲೆಕ್ಕಕ್ಕೇ ಬರಲಿಲ್ಲ. ಹತ್ತಿ ಜಿನ್ನಿಂಗ್ ಕಾರ್ಖಾನೆ ಇದ್ದ ಕಡೆಯೂ ಕೆಲಸ ಹಂಗಾಮಿನದ್ದು. ಹತ್ತಿ ಮುಗಿದರೆ ಕೆಲಸವೂ ಮುಗಿಯಿತು. ವರ್ಷದಲ್ಲಿ ಕೆಲವೇ ತಿಂಗಳು ನಡೆಯುವ ಕಡೆ ಒಂಬತ್ತು ತಿಂಗಳ ದುಡಿಮೆಯನ್ನು ಯಾರು ತೋರಿಸಬೇಕು?

ಮೊದಲ ತಿಂಗಳಲ್ಲೇ ಹೊರಗೆ

ಕಾನೂನಿನ ಒಳಗೆ ಇದ್ದವರಿಗೂ ಒಂದು ತೊಡಕಿತ್ತು. ಸೂಟಿಯಲ್ಲಿ ಇರುವಾಗ ತೆಗೆಯಬಾರದು ಎಂದರೆ, ಸೂಟಿಗೆ ಹೋಗುವ ಮೊದಲೇ ತೆಗೆದರೆ ಆಯಿತಲ್ಲ? ಮಾಲೀಕರು ಹಿಡಿದದ್ದು ಇದೇ ದಾರಿಯನ್ನು.

ಸ್ವಾತಂತ್ರ್ಯಕ್ಕೆ ಮುಂಚೆ ಸರ್ಕಾರ ನೇಮಿಸಿದ್ದ ಕಾರ್ಮಿಕ ತನಿಖಾ ಸಮಿತಿ 1946ರಲ್ಲಿ ತನ್ನ ವರದಿ ಕೊಟ್ಟಿತು. ಅಧ್ಯಕ್ಷರ ಹೆಸರಿನಿಂದ ಅದನ್ನು ರೇಗೆ ಸಮಿತಿ ಎನ್ನುತ್ತಾರೆ. ಹೆರಿಗೆ ಭತ್ಯೆ ತಪ್ಪಿಸಲು ಮಾಲೀಕರು ಮಾಡುತ್ತಿದ್ದ ಉಪಾಯಗಳನ್ನು ಅದು ದಾಖಲಿಸಿತು. ಬಸುರಿನ ಗುರುತು ಕಂಡ ಕೂಡಲೇ ಹೆಂಗಸನ್ನು ತೆಗೆದುಹಾಕುವುದು ಅದರಲ್ಲಿ ಒಂದು. ಮದುವೆಯಾಗದವರನ್ನು, ವಿಧವೆಯರನ್ನು, ಹೆರುವ ವಯಸ್ಸು ದಾಟಿದವರನ್ನು ನೋಡಿ ಕೆಲಸಕ್ಕೆ ಇಟ್ಟುಕೊಳ್ಳುವುದು ಇನ್ನೊಂದು.

ಹಳೆಯ ಪ್ರಾಂತೀಯ ಕಾನೂನುಗಳಲ್ಲಿ ಇದಕ್ಕೂ ಒಂದು ತಡೆ ಇತ್ತು. ಹೆರಿಗೆಗೆ ಮೊದಲಿನ ಕೆಲವು ತಿಂಗಳೊಳಗೆ ಸರಿಯಾದ ಕಾರಣವಿಲ್ಲದೆ ತೆಗೆದರೆ ಭತ್ಯೆ ತಪ್ಪುವುದಿಲ್ಲ ಎಂಬ ಧಾಟಿಯ ಮಾತು ಅದು. ಓದಲು ಚೆನ್ನಾಗಿದೆ. ಆದರೆ ಅದರಲ್ಲಿ ಎರಡು ಕಿಂಡಿಗಳಿದ್ದವು. ಕೆಲವು ತಿಂಗಳು ಎಂದರೆ ಅದಕ್ಕಿಂತ ಮೊದಲು ತೆಗೆದರೆ ರಕ್ಷಣೆ ಇಲ್ಲ. ಸರಿಯಾದ ಕಾರಣ ಎಂದರೆ ಯಾವುದು ಸರಿ ಎಂದು ಹೇಳುವವನು ಮೊದಲಿಗೆ ಮಾಲೀಕನೇ. "ಕೆಲಸ ನಿಧಾನ", "ತಡವಾಗಿ ಬಂದಳು", "ಆಳು ಹೆಚ್ಚಾದರು" ಎಂದು ಏನನ್ನಾದರೂ ಬರೆಯಬಹುದಿತ್ತು.

1961: ಎರಡು ಕೀಲಿ

ಇಡೀ ದೇಶಕ್ಕೆ ಒಂದೇ ಹೆರಿಗೆ ಭತ್ಯೆ ಕಾಯ್ದೆ 1961ರಲ್ಲಿ ಬಂತು. ಅದರ 12ನೇ ಕಲಮು ಈ ಎರಡೂ ಕಿಂಡಿಗಳನ್ನು ಮುಚ್ಚಲು ನೋಡಿತು. ಈ ಕಲಮಿನಲ್ಲಿ ಇರುವುದು ಒಂದಲ್ಲ, ಎರಡು ಬೇರೆ ಬೇರೆ ಕೀಲಿಗಳು. ಇವೆರಡನ್ನೂ ಬೇರೆಯಾಗಿ ತಿಳಿದುಕೊಂಡವರಿಗೆ ಮಾಲೀಕನ ಮುಂದೆ ಏನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ.

ಮೊದಲ ಕೀಲಿ ನೌಕರಿಗೆ. ಹೆಣ್ಣುಮಗಳು ಕಾನೂನಿನ ಪ್ರಕಾರ ಹೆರಿಗೆ ರಜೆಯಲ್ಲಿ ಇರುವಾಗ ಅವಳನ್ನು ಕೆಲಸದಿಂದ ತೆಗೆಯುವಂತಿಲ್ಲ. ರಜೆ ಹಾಕಿದಳು ಎಂಬ ಕಾರಣಕ್ಕೂ ತೆಗೆಯುವಂತಿಲ್ಲ. ರಜೆಗೆ ಮೊದಲೇ ನೋಟಿಸು ಕೊಟ್ಟು ಅದರ ಗಡುವು ರಜೆಯ ನಡುವೆ ಮುಗಿಯುವ ಹಾಗೆ ಮಾಡುವಂತಿಲ್ಲ. ಪಗಾರ ಇಳಿಸುವುದು, ಕೆಳಗಿನ ಹುದ್ದೆಗೆ ಹಾಕುವುದು ಹೀಗೆ ಅವಳ ನೌಕರಿಯ ಷರತ್ತುಗಳನ್ನು ಆ ಹೊತ್ತಿನಲ್ಲಿ ಅವಳಿಗೆ ನಷ್ಟವಾಗುವಂತೆ ಬದಲಿಸುವಂತೆಯೂ ಇಲ್ಲ.

ಎರಡನೇ ಕೀಲಿ ಹಣಕ್ಕೆ. ಬಸುರಿಯಾಗಿರುವ ಯಾವುದೇ ಹಂತದಲ್ಲಿ ತೆಗೆದುಹಾಕಿದರೂ, ತೆಗೆಯದೆ ಇದ್ದಿದ್ದರೆ ಅವಳಿಗೆ ಸಿಗಬೇಕಾಗಿದ್ದ ಹೆರಿಗೆ ಭತ್ಯೆ ತಪ್ಪುವುದಿಲ್ಲ. "ಕೆಲವು ತಿಂಗಳು" ಎಂಬ ಹಳೆಯ ಲೆಕ್ಕ ಹೋಯಿತು. ಎರಡನೇ ತಿಂಗಳಲ್ಲಿ ತೆಗೆದರೂ ಹಣದ ಹೊಣೆ ಮಾಲೀಕನ ಕೊರಳಿಗೇ.

"ಸರಿಯಾದ ಕಾರಣ" ಎಂಬ ಸಡಿಲು ಮಾತೂ ಹೋಯಿತು. ಅದರ ಬದಲು ನಿಯಮಗಳಲ್ಲಿ ಹೆಸರಿಸಿದ ಘೋರ ದುರ್ನಡತೆ ಇದ್ದರೆ ಮಾತ್ರ ಮಾಲೀಕ ಈ ಹಣವನ್ನು ತಡೆಯಬಹುದು. ಕೇಂದ್ರದ ನಿಯಮಗಳಲ್ಲಿ ಆ ಪಟ್ಟಿ ಚಿಕ್ಕದು: ಮಾಲೀಕನ ಆಸ್ತಿಯನ್ನು ಬೇಕೆಂದೇ ಹಾಳು ಮಾಡುವುದು, ಮೇಲಿನವರ ಅಥವಾ ಜೊತೆಗಾರರ ಮೇಲೆ ಕೈ ಮಾಡುವುದು, ನೈತಿಕ ಅಧಃಪತನದ ಅಪರಾಧದಲ್ಲಿ ಕೋರ್ಟಿನಲ್ಲಿ ಶಿಕ್ಷೆಯಾಗುವುದು, ಮಾಲೀಕನ ವ್ಯವಹಾರದಲ್ಲಿ ಕಳವು ಅಥವಾ ಮೋಸ, ಸುರಕ್ಷತೆಯ ಕ್ರಮಗಳನ್ನು ಬೇಕೆಂದೇ ಮುರಿಯುವುದು. ನಿಧಾನ, ತಡ, ಎದುರು ಮಾತು ಇವು ಯಾವುವೂ ಪಟ್ಟಿಯಲ್ಲಿಲ್ಲ. ದುರ್ನಡತೆ ನಿಜವಾಗಿ ಇದ್ದರೂ ಹಣ ತಡೆಯುವ ಆದೇಶ ಬರವಣಿಗೆಯಲ್ಲೇ ಇರಬೇಕು, ಅದು ಅವಳ ಕೈಗೆ ಮುಟ್ಟಬೇಕು. ಮುಟ್ಟಿದ ದಿನದಿಂದ 60 ದಿನದೊಳಗೆ ಅವಳು ಮೇಲ್ಮನವಿ ಹಾಕಬಹುದು.

ಶುರುವಿನಲ್ಲಿ ಈ ಕಾಯ್ದೆಯೂ ಮುಖ್ಯವಾಗಿ ಕಾರ್ಖಾನೆ, ಗಣಿ, ತೋಟಗಳದ್ದು. 1988ರ ತಿದ್ದುಪಡಿಯಿಂದ ಹತ್ತು ಮತ್ತು ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಗಳೂ ಒಳಗೆ ಬಂದವು. 160 ದಿನ ದುಡಿದಿರಬೇಕು ಎಂಬುದು 80 ದಿನಕ್ಕೆ ಇಳಿಯಿತು. ತಾಲ್ಲೂಕು ಊರುಗಳ ಆಸ್ಪತ್ರೆ, ಬಟ್ಟೆ ಅಂಗಡಿ, ಸೊಸೈಟಿಗಳಲ್ಲಿ ದುಡಿಯುವವರಿಗೆ ಬಾಗಿಲು ತೆರೆದದ್ದು ಆಗ. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆಗಲೇ ಎರಡು ಮಕ್ಕಳು ಇದ್ದವರಿಗೆ ಮಾತ್ರ ಹಿಂದಿನಂತೆ 12 ವಾರ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾದರೂ ಎರಡೂ ಕೀಲಿಗಳು ಅದರ 68ನೇ ಕಲಮಿನಲ್ಲಿ ಹಾಗೆಯೇ ಇವೆ. 80 ದಿನ, 26 ವಾರ, 60 ದಿನದ ಮೇಲ್ಮನವಿ ಕೂಡ ಹಾಗೆಯೇ ಇವೆ.

ರಸ್ತೆ ಅಗೆಯುವವರ ದಾವೆ

"ಇದೆಲ್ಲ ಕಾಯಂ ನೌಕರರಿಗೆ, ನಿಮಗಲ್ಲ" ಎಂಬ ಮಾತನ್ನು ದಿನಗೂಲಿಯವರು ಎಲ್ಲ ಕಡೆ ಕೇಳುತ್ತಾರೆ. ಇದೇ ಮಾತು ದಿಲ್ಲಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಿಲ್ಲಿ ಮಹಾನಗರಪಾಲಿಕೆಯಲ್ಲಿ ಹಾಜರಿಪಟ್ಟಿಯ ಮೇಲೆ ದಿನಗೂಲಿಗೆ ದುಡಿಯುತ್ತಿದ್ದ ಹೆಣ್ಣುಮಕ್ಕಳು ಅವರು. ರಸ್ತೆ ಮಾಡುವುದು, ತಗ್ಗು ತೋಡುವುದು ಅವರ ಕೆಲಸ. ಕಾಯಂ ನೌಕರರಿಗೆ ಹೆರಿಗೆ ರಜೆ ಇತ್ತು, ಇವರಿಗೆ ಇರಲಿಲ್ಲ. ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಕಡೆಯ ಕುಟುಂಬಗಳಿಗೆ ಈ ಕೆಲಸವೂ ಹೊಸದಲ್ಲ, ಈ ಮಾತೂ ಹೊಸದಲ್ಲ.

ಕಾರ್ಮಿಕ ಸಂಘ ಅವರ ಪರ ನಿಂತಿತು. ಕೈಗಾರಿಕಾ ನ್ಯಾಯಮಂಡಳಿ ಹೆಣ್ಣುಮಕ್ಕಳ ಪರ ತೀರ್ಪು ಕೊಟ್ಟಿತು. ಪಾಲಿಕೆ ಒಪ್ಪದೆ ಮೇಲೆ ಮೇಲೆ ಹೋಯಿತು. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಪಾಲಿಕೆಯ ವಾದವನ್ನು ತಳ್ಳಿಹಾಕಿತು. ಕಾಯಂ ಹೆಂಗಸರಿಗೆ ಮಾತ್ರ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ, ದಿನಗೂಲಿಯವರಿಗೂ ಅದು ಸಲ್ಲುತ್ತದೆ ಎಂಬುದು ತೀರ್ಪಿನ ತಿರುಳು. ಕರ್ನಾಟಕ ಹೈಕೋರ್ಟ್ ಕೂಡ 2021ರಲ್ಲಿ ಗುತ್ತಿಗೆ ನೌಕರಳೊಬ್ಬಳನ್ನು ತೆಗೆದ ಪ್ರಕರಣದಲ್ಲಿ, ತಾಯ್ತನದ ವಿಷಯದಲ್ಲಿ ಕಾಯಂ, ತಾತ್ಕಾಲಿಕ, ಗುತ್ತಿಗೆ ಎಂಬ ಭೇದವನ್ನು ಈ ಕಾನೂನು ಮಾಡುವುದಿಲ್ಲ ಎಂದಿತು.

ಗುತ್ತಿಗೆಯವರಿಗೆ ಇನ್ನೊಂದು ಅಡ್ಡಿ ಬರುತ್ತದೆ. "ನಿಮ್ಮ ಗುತ್ತಿಗೆಯ ಅವಧಿಯೇ ಮುಗಿಯಿತು, ರಜೆಯೂ ಅಲ್ಲಿಗೇ ಮುಗಿಯಿತು" ಎನ್ನುತ್ತಾರೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿಯ ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಗುತ್ತಿಗೆ ಮುಗಿದರೂ, ಆಗಲೇ ಹಕ್ಕಾಗಿರುವ ಹೆರಿಗೆ ಭತ್ಯೆಯನ್ನು ಪೂರ್ತಿ ಅವಧಿಗೆ ಕೊಡಲೇಬೇಕು ಎಂದಿತು. ಆದರೆ ಇದರಿಂದ ಗುತ್ತಿಗೆಯೇ ಮುಂದುವರಿಯಿತು ಎಂದಾಗುವುದಿಲ್ಲ. ಉಳಿಯುವುದು ಹಣ.

ಕೇಳಬಾರದ ಪ್ರಶ್ನೆ

ಕೆಲಸಕ್ಕೆ ಸೇರುವಾಗಲೇ "ಬಸುರಿ ಇದ್ದೀಯೇನು?" ಎಂದು ಬರೆಸಿಕೊಂಡು, ಆಮೇಲೆ "ಸುಳ್ಳು ಹೇಳಿದೆ" ಎಂದು ತೆಗೆಯುವ ದಾರಿಯೂ ಇದೆ. ಇದರ ಪ್ರಸಿದ್ಧ ಪ್ರಕರಣ ಎಲ್‌ಐಸಿಯದ್ದು. ಪ್ರೊಬೇಷನ್ ಮೇಲಿದ್ದ ಮಹಿಳೆಯೊಬ್ಬರಿಗೆ 1990ರ ಜನವರಿಯಲ್ಲಿ ಹೆರಿಗೆಯಾಯಿತು, ಫೆಬ್ರುವರಿಯಲ್ಲಿ ಅವರನ್ನು ಕೆಲಸದಿಂದ ಬಿಡಿಸಿದರು. ಸೇರುವಾಗ ತುಂಬಿದ ಅರ್ಜಿಯಲ್ಲಿ ಮುಟ್ಟಿನ ಬಗ್ಗೆ ಸರಿಯಾಗಿ ಹೇಳಿಲ್ಲ ಎಂಬುದು ಸಂಸ್ಥೆಯ ತಕರಾರು. ಆ ಅರ್ಜಿಯಲ್ಲಿ ಕೊನೆಯ ಮುಟ್ಟು ಯಾವಾಗ, ಎಷ್ಟು ಸಲ ಗರ್ಭ ನಿಂತಿತ್ತು ಎಂಬ ಪ್ರಶ್ನೆಗಳೆಲ್ಲ ಇದ್ದವು. ಸುಪ್ರೀಂ ಕೋರ್ಟ್ 1991ರಲ್ಲಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು. ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವು, ಅವನ್ನು ಅರ್ಜಿಯಿಂದ ತೆಗೆಯಿರಿ ಎಂದು ಸಂಸ್ಥೆಗೆ ತಿಳಿಸಿತು.

ಒಂದು ಲೆಕ್ಕ ಹಾಕಿ ನೋಡೋಣ

ಸಿಂದಗಿಯಂಥ ಊರಿನ ಒಂದು ಖಾಸಗಿ ಆಸ್ಪತ್ರೆ ಎಂದು ಅಂದುಕೊಳ್ಳೋಣ. 14 ಜನ ದುಡಿಯುತ್ತಾರೆ. ಅಲ್ಲಿ ಒಬ್ಬ ನರ್ಸ್, ಮೊದಲ ಬಸುರು. ದಿನದ ಸರಾಸರಿ ಪಗಾರ 400 ರೂಪಾಯಿ. ಡಾಕ್ಟರು ಕೊಟ್ಟ ಹೆರಿಗೆಯ ದಿನ ನವೆಂಬರ್ 15. ಪಗಾರದಲ್ಲಿ ಇಎಸ್‌ಐ ಕಡಿತ ಇಲ್ಲ ಎಂದು ಇಟ್ಟುಕೊಳ್ಳೋಣ. ಇಎಸ್‌ಐ ಇದ್ದವರಿಗೆ ಹೆರಿಗೆಯ ಹಣ ಇಎಸ್‌ಐ ನಿಗಮದಿಂದ ಬರುತ್ತದೆ, ಅದರ ದಿನದ ಲೆಕ್ಕ ಬೇರೆ.

ಮೊದಲು 80 ದಿನ ನೋಡಬೇಕು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಅವಳು ಆ ಆಸ್ಪತ್ರೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಪಗಾರಿ ರಜೆಯ ದಿನಗಳೂ ಇದರಲ್ಲಿ ಸೇರುತ್ತವೆ. ಮೂರು-ನಾಲ್ಕು ತಿಂಗಳು ಬಿಡದೆ ಹೋದವರಿಗೆ ಇದು ಆಗಿಬಿಡುತ್ತದೆ.

ಹೆರಿಗೆಗೆ ಎಂಟು ವಾರ ಮೊದಲು, ಅಂದರೆ ಸೆಪ್ಟೆಂಬರ್ 20ರಿಂದ ಅವಳು ರಜೆಗೆ ಹೋಗಬಹುದು. 26 ವಾರ ಎಂದರೆ 182 ದಿನ, ಮುಂದಿನ ಮಾರ್ಚ್ 20ರವರೆಗೆ. ರವಿವಾರಗಳನ್ನೂ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. 182ನ್ನು 400ರಿಂದ ಗುಣಿಸಿದರೆ 72,800 ರೂಪಾಯಿ. ಹೆರಿಗೆಗೆ ಮೊದಲಿನ ಪಾಲನ್ನು ಬಸುರಿನ ದಾಖಲೆ ತೋರಿಸಿದ ಮೇಲೆ ಮುಂಗಡವಾಗಿ ಕೊಡಬೇಕು, ಉಳಿದದ್ದನ್ನು ಹೆರಿಗೆಯ ದಾಖಲೆ ತೋರಿಸಿದ 48 ಗಂಟೆಯೊಳಗೆ.

ಈಗ ಮಾಲೀಕ ಮಾಡಬಹುದಾದ ಮೂರು ನಡೆಗಳನ್ನು ನೋಡೋಣ.

ಜುಲೈ ತಿಂಗಳಲ್ಲಿ, ಅವಳಿಗೆ ಐದು ತಿಂಗಳಿರುವಾಗ, "ನಾಳೆಯಿಂದ ಬರಬೇಡವ್ವ" ಎಂದ ಎನ್ನಿ. ಅವಳಿನ್ನೂ ರಜೆಗೆ ಹೋಗಿಲ್ಲ, ಹೀಗಾಗಿ ಇಲ್ಲಿ ನೇರವಾಗಿ ಬೀಳುವುದು ಎರಡನೇ ಕೀಲಿ. ಆ 72,800 ರೂಪಾಯಿ ಅವಳದ್ದೇ. ನೌಕರಿ ವಾಪಸು ಬೇಕು ಎಂದರೆ ಕಾರ್ಮಿಕ ಇಲಾಖೆಯಲ್ಲಿ ಮತ್ತು ಕಾರ್ಮಿಕ ನ್ಯಾಯಾಲಯದಲ್ಲಿ ವಜಾದ ವಿರುದ್ಧ ಬೇರೆ ತಕರಾರು ಹೂಡಬೇಕಾಗುತ್ತದೆ. ಈ ಎರಡನ್ನು ಕಲಸಿಕೊಂಡು "ನೌಕರಿ ಹೋಯಿತು, ಇನ್ನು ಹಣ ಎಲ್ಲಿಂದ?" ಎಂದು ಸುಮ್ಮನೆ ಕೂರುವುದರಿಂದಲೇ ಹೆಚ್ಚು ಜನ ಕಳೆದುಕೊಳ್ಳುತ್ತಾರೆ.

ಸೆಪ್ಟೆಂಬರ್ 1ರಂದು ಒಂದು ತಿಂಗಳ ನೋಟಿಸು ಕೊಟ್ಟ ಎನ್ನಿ. ನೋಟಿಸು ಕೊಟ್ಟಾಗ ಅವಳು ಕೆಲಸದಲ್ಲೇ ಇದ್ದಳು, ಆದರೆ ಅದರ ಗಡುವು ಮುಗಿಯುವುದು ಅಕ್ಟೋಬರ್ ಆರಂಭದಲ್ಲಿ, ರಜೆಯ ನಡುವೆ. ಮೊದಲ ಕೀಲಿ ಬಿತ್ತು, ಅಂಥ ನೋಟಿಸು ಕಾನೂನುಬಾಹಿರ.

ಜನವರಿಯಲ್ಲಿ ಫೋನ್ ಮಾಡಿ "ನಿನ್ನ ಜಾಗಕ್ಕೆ ಬೇರೆಯವರನ್ನು ತಗೊಂಡೀವಿ" ಎಂದ ಎನ್ನಿ. ಅವಳು ಬರುವವರೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳಲು ಮಾಲೀಕನಿಗೆ ಪೂರ್ತಿ ಅಧಿಕಾರವಿದೆ. ಆ ನೆಪದಲ್ಲಿ ಇವಳನ್ನು ತೆಗೆಯಲು ಇಲ್ಲ. ಮಾರ್ಚ್ 21ಕ್ಕೆ ಅವಳು ಬಂದಾಗ ಅದೇ ಷರತ್ತಿನ ಮೇಲೆ ಕೆಲಸ ಇರಬೇಕು.

ಮಾಲೀಕನ ಕೈಯಲ್ಲಿ ಏನಿದೆ

ಕಾನೂನು ಮಾಲೀಕನ ಕೈಯನ್ನು ಪೂರ್ತಿ ಕಟ್ಟಿಲ್ಲ. ಬಸುರಿನ ದಾಖಲೆ ಕೇಳಬಹುದು, ರಜೆ ಯಾವತ್ತಿನಿಂದ ಎಂದು ಬರೆದುಕೊಡಲು ಹೇಳಬಹುದು. ರಜೆಯ ಹಣ ತೆಗೆದುಕೊಳ್ಳುತ್ತ ಅದೇ ದಿನಗಳಲ್ಲಿ ಇನ್ನೊಂದು ಕಡೆ ಕೆಲಸ ಮಾಡಿದರೆ ಆ ದಿನಗಳ ಭತ್ಯೆ ತಪ್ಪುತ್ತದೆ. ಕಳವು, ಹೊಡೆದಾಟದಂಥ ಪಟ್ಟಿಯ ದುರ್ನಡತೆ ನಿಜವಾಗಿ ನಡೆದಿದ್ದರೆ ಬರವಣಿಗೆಯ ಆದೇಶದಿಂದ ಹಣ ತಡೆಯಬಹುದು.

ಆದರೆ ಹೆರಿಗೆಯಾದ ಮೊದಲ ಆರು ವಾರ ಅವಳನ್ನು ಕೆಲಸಕ್ಕೆ ಕರೆಯುವಂತಿಲ್ಲ, ಅವಳೇ ಬರುತ್ತೇನೆ ಎಂದರೂ ಇಟ್ಟುಕೊಳ್ಳುವಂತಿಲ್ಲ. ದಿನ ತುಂಬುತ್ತ ಬಂದಾಗ ಭಾರ ಎತ್ತುವ, ಹೊತ್ತುಗಟ್ಟಲೆ ನಿಲ್ಲುವ ಕೆಲಸ ಬೇಡ ಎಂದು ಅವಳು ಕೇಳಿದರೆ ಅಂಥದ್ದನ್ನು ಕೊಡುವಂತಿಲ್ಲ. ಹಗುರ ಕೆಲಸ ಕೊಟ್ಟೆ ಎಂದು ಪಗಾರ ಕಡಿಯುವಂತೆಯೂ ಇಲ್ಲ. ಸೇರುವಾಗ "ಬಸುರಿಯಾದರೆ ನಾನೇ ಕೆಲಸ ಬಿಡುತ್ತೇನೆ" ಎಂದು ಬಾಂಡ್ ಬರೆಸಿಕೊಂಡಿದ್ದರೆ ಅದು ಈ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ನಮ್ಮ ಕಡೆ ಹೆಚ್ಚು ಮೋಸ ನಡೆಯುವುದು ವಜಾದಲ್ಲಿ ಅಲ್ಲ, ರಾಜೀನಾಮೆಯಲ್ಲಿ. "ಈಗ ಬರೆದುಕೊಟ್ಟು ಹೋಗು, ಮಗು ದೊಡ್ಡದಾದ ಮೇಲೆ ಮತ್ತೆ ಬಾ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ತಾನೇ ಬಿಟ್ಟುಹೋದಳು ಎಂದು ಕಾಗದ ಆದ ಮೇಲೆ ಎರಡೂ ಕೀಲಿಗಳ ಬಲ ಕುಂದುತ್ತದೆ, ಒತ್ತಾಯದಿಂದ ಬರೆಸಿಕೊಂಡರು ಎಂದು ಆಮೇಲೆ ಸಾಬೀತು ಮಾಡುವ ಭಾರ ಅವಳ ಮೇಲೆ ಬೀಳುತ್ತದೆ. ಆದ್ದರಿಂದ ರಾಜೀನಾಮೆ ಬರೆಯಬಾರದು, ರಜೆಯ ಅರ್ಜಿ ಬರೆಯಬೇಕು. ಯಾವತ್ತಿನಿಂದ ರಜೆ, ಆ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ, ಹಣವನ್ನು ನನಗೆ ಅಥವಾ ಇಂಥವರಿಗೆ ಕೊಡಬೇಕು ಎಂಬ ಮೂರು ಮಾತು ಅದರಲ್ಲಿ ಸಾಕು. ಕೊಟ್ಟ ಅರ್ಜಿಯ ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಅದರ ಫೋಟೊ ಇಟ್ಟುಕೊಳ್ಳಬೇಕು.

ದೂರು ಹೋಗುವುದು ಕಾರ್ಮಿಕ ಇಲಾಖೆಯ ನಿರೀಕ್ಷಕರ ಕಚೇರಿಗೆ. ಹಣ ಕೊಡಿಸಲು ಆದೇಶ ಮಾಡುವ ಅಧಿಕಾರ ಅವರಿಗೆ ಇದೆ. ಅಲ್ಲಿ ಮಾತಿಗಿಂತ ಕಾಗದ ನಡೆಯುತ್ತದೆ: ತಾಯಿ ಕಾರ್ಡ್, ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಹಾಜರಿಯ ಫೋಟೊ, "ಬರಬೇಡ" ಎಂದು ಬಂದ ವಾಟ್ಸ್ಆ್ಯಪ್ ಸಂದೇಶ. ನಗದು ಪಗಾರ ತೆಗೆದುಕೊಳ್ಳುವವರಿಗೆ 80 ದಿನ ತೋರಿಸುವುದೇ ಕಷ್ಟ. ಅಂಥವರು ಯಾವ ದಿನ ಹೋದೆ, ಎಷ್ಟು ಕೊಟ್ಟರು ಎಂದು ದಿನವೂ ಬರೆದಿಡುವುದು ಒಳ್ಳೆಯದು.

ಇನ್ನೂ ಹೊರಗೆ ಇರುವವರು

1929ರಲ್ಲಿ ಕಾನೂನಿನ ಹೊರಗೆ ಉಳಿದಿದ್ದ ಹೊಲದ ಕೂಲಿ ಹೆಣ್ಣುಮಗಳು ಇವತ್ತಿಗೂ ಬಹುಪಾಲು ಹೊರಗೇ ಇದ್ದಾಳೆ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಅವಳಿಗೆ ಹತ್ತು ಜನರ ಸಂಸ್ಥೆ ಇಲ್ಲ, ಹಾಜರಿ ಪುಸ್ತಕ ಇಲ್ಲ, ತೆಗೆಯುವ ನೋಟಿಸೂ ಇಲ್ಲ. ಬಸುರಿ ಎಂದು ಕಂಡ ದಿನ ಕರೆಯುವುದನ್ನು ಬಿಡುತ್ತಾರೆ, ಅಷ್ಟೇ. ಮನೆಗೆಲಸದವರು, ಐದಾರು ಜನರ ಸಣ್ಣ ಅಂಗಡಿಯವರು ಕೂಡ ಹಾಗೆಯೇ.

ಅವರಿಗೆ ಸರ್ಕಾರ ಕೊಡುವುದು ಬೇರೆ ಬಗೆಯದು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಅಂಗನವಾಡಿಯಲ್ಲಿ ಇದಕ್ಕೆ ಹೆಸರು ಬರೆಸಬೇಕು. ಇದು ಸಹಾಯಧನ, ಕೆಲಸದ ರಕ್ಷಣೆ ಅಲ್ಲ. ಆರು ತಿಂಗಳ ಪಗಾರಕ್ಕೆ ಇದು ಸಾಟಿಯೂ ಅಲ್ಲ.

ತಾಯ್ತನದ ಭಾರದಲ್ಲಿ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು ಎಂದು ಅಂಬೇಡ್ಕರ್ 1928ರಲ್ಲಿ ಹೇಳಿದ್ದರು. ಮಾಲೀಕನ ಪಾಲನ್ನು ಕಾನೂನು ಎಂಟಾಣೆಯಿಂದ ಇಪ್ಪತ್ತಾರು ವಾರದ ಪಗಾರಕ್ಕೆ ತಂದು ನಿಲ್ಲಿಸಿದೆ. ಹೇಳಿಕೊಳ್ಳಲು ಒಬ್ಬ ಮಾಲೀಕನೂ ಇಲ್ಲದ ಹೊಲದ ಹೆಣ್ಣುಮಗಳ ಪಾಲಿಗೆ ಸರ್ಕಾರದ ಆ ದೊಡ್ಡ ಪಾಲು ಇನ್ನೂ ಐದು ಸಾವಿರದಲ್ಲೇ ನಿಂತಿದೆ.